ಎಸ್ಟರ್ ಮಾಡಿದೀನಿ, ಆದ್ರೆ ಐಆರ್‌ನಲ್ಲಿ C=O 1678ಕ್ಕೆ ಕೂತಿದೆ, 1742ರಲ್ಲಿ ಚಿಕ್ಕದೊಂದು ಇದೆ. ರಿಯಾಕ್ಷನ್ ಆಗೇ ಇಲ್ವಾ?

ರಿಫ್ಲಕ್ಸ್_ರಂಗ

ಎಲ್ರಿಗೂ ನಮಸ್ಕಾರ. ಎಂಎಸ್ಸಿ ಎರಡನೇ ಸೆಮ್, ಆರ್ಗ್ಯಾನಿಕ್ ಪ್ರಾಕ್ಟಿಕಲ್. ಸ್ಯಾಲಿಸಿಲಿಕ್ ಆಸಿಡ್ 5 ಗ್ರಾಂ, ಮೆಥನಾಲ್ 20 ಎಂಎಲ್, ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ 2 ಎಂಎಲ್ ಹಾಕಿ ಮೂರು ಗಂಟೆ ರಿಫ್ಲಕ್ಸ್ ಮಾಡ್ದೆ. ಆಮೇಲೆ ಮೆಥನಾಲ್ ಸ್ವಲ್ಪ ಇಂಗಿಸಿ, ತಣ್ಣೀರಿಗೆ ಸುರಿದು, ಎಕ್ಸ್‌ಟ್ರ್ಯಾಕ್ಟ್ ಮಾಡಿ, ತೊಳೆದು, ಸಾಲ್ವೆಂಟ್ ಓಡಿಸಿದ ಮೇಲೆ 4.9 ಗ್ರಾಂ ತಿಳಿ ಎಣ್ಣೆ ಸಿಕ್ತು. ವಾಸನೆ ಅಂತೂ ಥೇಟ್ ಮಂಡಿನೋವಿಗೆ ಹಚ್ಚೋ ಮುಲಾಮಿಂದು, ಬ್ಯಾಚಲ್ಲಿ ಎಲ್ರೂ ಮೂಗು ಮುಚ್ಕೊಂಡ್ರು. ಇಷ್ಟರ ತನಕ ಖುಷಿಯಾಗಿದ್ದೆ.

ಐಆರ್ ತೆಗೆಸಿದೆ, ಡೈಮಂಡ್ ಎಟಿಆರ್. ಮೆಷಿನ್ ಕೊಟ್ಟ ನಂಬರ್‌ಗಳು: 3187 ಅಗಲವಾಗಿ, 2983, 2954, 1742 ಚಿಕ್ಕದು, 1678 ದೊಡ್ಡದು, 1614, 1585, 1486, 1440, 1374, 1303, 1251, 1214, 1157, 1090, 1046, 756, 701.

ನಮ್ಮ ರೆಕಾರ್ಡ್ ಬುಕ್ಕಲ್ಲಿರೋ ಚಾರ್ಟ್ ಪ್ರಕಾರ ಎಸ್ಟರ್ C=O 1735ರಿಂದ 1750, ಕಾರ್ಬಾಕ್ಸಿಲಿಕ್ ಆಸಿಡ್ 1680ರಿಂದ 1710. ಅಂದ್ರೆ ನನ್ನ 1678 ಹಳೇ ಆಸಿಡ್ದು, 1742 ಹೊಸ ಎಸ್ಟರ್‌ದು ಅಂತ ತಾನೆ? ಎತ್ತರ ಸ್ಕೇಲ್ ಇಟ್ಟು ಅಳೆದ್ರೆ 1742ರದ್ದು 1678ರ ಹತ್ತನೇ ಒಂದು ಭಾಗ ಇದೆ. ಮೂರು ಗಂಟೆ ಕಾಯಿಸಿ ಹತ್ತು ಪರ್ಸೆಂಟ್ ಎಸ್ಟರ್ ಅಷ್ಟೇನಾ? ಮತ್ತೆ ಈ ವಾಸನೆ ಎಲ್ಲಿಂದ ಬಂತು? ಸೋಮವಾರ ವೈವಾ ಇದೆ, ಯಾರಾದ್ರೂ ಸ್ವಲ್ಪ ನೋಡಿ.

ಚಾರ್ಟ್_ಚಂದ್ರು

ಬ್ರೋ ನಿಂಗೆ ನೀನೇ ಉತ್ತರ ಕೊಟ್ಟಿದೀಯ. 3187 ಅಗಲ O–H, 1678 C=O, ಎರಡೂ ಸೇರಿದ್ರೆ ಕಾರ್ಬಾಕ್ಸಿಲಿಕ್ ಆಸಿಡ್, ಬೇರೆ ಮಾತೇ ಇಲ್ಲ. 1742 ಚೂರು ಎಸ್ಟರ್. ವಾಸನೆ ನಂಬ್ಬೇಡ, ಒಂದು ಹನಿ ಎಸ್ಟರ್ ಇದ್ರೂ ರೂಮೆಲ್ಲ ಹೊಡಿಯುತ್ತೆ. ಸಲ್ಫ್ಯೂರಿಕ್ ಇನ್ನಷ್ಟು ಹಾಕಿ ಇನ್ನೊಂದು ಆರು ಗಂಟೆ ರಿಫ್ಲಕ್ಸ್ ಇಡು. ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ತೊಳಿ, ಉಳಿದ ಆಸಿಡ್ ಎಲ್ಲಾ ಹೋಗುತ್ತೆ.

ಕ್ಯೂಸಿ_ಕಾವ್ಯ

ರಂಗ, ದಯವಿಟ್ಟು ಇನ್ನೂ ಏನೂ ಕಾಯಿಸ್ಬೇಡಿ, ಹೈಡ್ರಾಕ್ಸೈಡ್ ಅಂತೂ ಹತ್ರಕ್ಕೂ ತರ್ಬೇಡಿ. ಅದು ಫೀನಾಲ್ O–H ಅನ್ನೂ ಎಳ್ಕೊಂಡು ನಿಮ್ಮ ಎಸ್ಟರ್ರನ್ನೇ ನೀರಿನ ಪದರಕ್ಕೆ ತಗೊಂಡು ಹೋಗುತ್ತೆ, ಜಾಸ್ತಿ ಹೊತ್ತು ಬಿಟ್ರೆ ಎಸ್ಟರ್ ಒಡೆದು ವಾಪಸ್ ಶುರು ಮಾಡಿದ ಜಾಗಕ್ಕೇ ಬರ್ತೀರ.

ಮೂರು ವಿಷಯ ಹೇಳಿ. ಎಕ್ಸ್‌ಟ್ರ್ಯಾಕ್ಷನ್‌ಗೆ ಯಾವ ಸಾಲ್ವೆಂಟ್ ತಗೊಂಡ್ರಿ, ಅದನ್ನ ಹೇಗೆ ಓಡಿಸಿದ್ರಿ? NaHCO3 ಹಾಕಿ ತೊಳೆದ್ರಾ, ತೊಳೆದಾಗ ಬುರುಗು ಬಂತಾ, ಕೊನೇ ಸಲಾನೂ ಬಂತಾ? ಮೂರನೇದು, ನೀವು ಶುರು ಮಾಡಿದ ಸ್ಯಾಲಿಸಿಲಿಕ್ ಆಸಿಡ್‌ದೇ ಐಆರ್ ಅದೇ ಮೆಷಿನ್ನಲ್ಲಿ ತೆಗೆದಿದೀರಾ?

ಬಿಫಾರ್ಮ್_ಬಾಬು

ಆಸ್ಪಿರಿನ್ ತಾನೆ? ಆಸ್ಪಿರಿನ್‌ಗೆ ಎರಡು C=O ಬರ್ಬೇಕು, 1750ರ ಹತ್ರ ಒಂದು, 1690ರ ಹತ್ರ ಒಂದು. ನಿಮ್ಮದ್ರಲ್ಲೂ ಎರಡು ಇದೆ. ಸರಿಯಾಗೇ ಇದೆ, ಸುಮ್ನೆ ಟೆನ್ಷನ್ ಯಾಕೆ. ಬರೀ ಅಸಿಟಿಕ್ ಅನ್‌ಹೈಡ್ರೈಡ್ ಕಮ್ಮಿ ಆಗಿರ್ಬೇಕು.

ರಿಫ್ಲಕ್ಸ್_ರಂಗ

@ಬಾಬು ಇಲ್ಲ ಸಾರ್ ಇದು ಆಸ್ಪಿರಿನ್ ಅಲ್ಲ, ಮೆಥನಾಲ್ ಹಾಕಿರೋದು, ಮಿಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್ ಪುಡಿ, ಇದು ಎಣ್ಣೆ.

@ಕಾವ್ಯ ಮೇಡಂ, ಎಥೈಲ್ ಅಸಿಟೇಟ್ 25 ಎಂಎಲ್ ಹಾಗೆ ಎರಡು ಸಲ. ಬೈಕಾರ್ಬನೇಟ್ ಹಾಕಿ ಮೂರು ಸಲ ತೊಳೆದೆ, ಮೊದಲ ಸಲ ಫನೆಲ್ ಮುಚ್ಚಳ ಹಾರೋ ಹಂಗೆ ಬುರುಗು, ಎರಡನೇದು ಕಮ್ಮಿ, ಮೂರನೇದು ಏನೂ ಇಲ್ಲ. ರೋಟಾವೇಪರ್‌ಗೆ ಆರು ಜನ ಕ್ಯೂ ಇದ್ರು, ಹಂಗಾಗಿ ವಾಟರ್ ಬಾತ್ ಮೇಲೆ ಬೀಕರ್ ಇಟ್ಟು ಓಡಿಸಿದೆ, ವ್ಯಾಕ್ಯೂಮ್ ಇಲ್ದೆ. ಆಸಿಡ್‌ದು ಐಆರ್ ತೆಗೆದಿಲ್ಲ, ತೆಗೀಬೇಕು ಅಂತ ಯಾರೂ ಹೇಳ್ಲಿಲ್ಲ.

ಕ್ಯೂಸಿ_ಕಾವ್ಯ

ಎಥೈಲ್ ಅಸಿಟೇಟ್, ವ್ಯಾಕ್ಯೂಮ್ ಇಲ್ಲ. ನಿಮ್ಮ 1742 ಯಾರದ್ದು ಅಂತ ಗೊತ್ತಾಯ್ತಲ್ಲ!

ಎಥೈಲ್ ಅಸಿಟೇಟೂ ಒಂದು ಎಸ್ಟರ್ರೇ. ಅದರ C=O ಸರಿಯಾಗಿ 1742ರ ಆಸುಪಾಸೇ ಬರೋದು. ಚಾರ್ಟು ನಿಮಗೆ ಸುಳ್ಳು ಹೇಳಿಲ್ಲ, ಅಲ್ಲಿ ಎಸ್ಟರ್ ಇದೆ, ಆದ್ರೆ ನೀವು ಮಾಡಿದ್ದಲ್ಲ, ಬಾಟ್ಲಿಯಿಂದ ಸುರಿದಿದ್ದು. ಆದ್ರೆ ಒಂದೇ ಪೀಕ್ ನೋಡಿ ತೀರ್ಪು ಕೊಡೋದು ಬೇಡ, ಒಂದು ವಸ್ತು ಅಲ್ಲಿದ್ರೆ ಅದರ ಉಳಿದ ಪೀಕುಗಳೂ ಅಲ್ಲೇ ಇರ್ಬೇಕು. ಎಥೈಲ್ ಅಸಿಟೇಟ್‌ಗೆ 1240ರಲ್ಲಿ ಜೋರಾದ್ದೊಂದು ಇರುತ್ತೆ, ಅದು ನಿಮ್ಮ 1251ರ ಹೊಟ್ಟೆಯೊಳಗೆ ಸೇರ್ಕೊಂಡಿದೆ, ಹಾಗಾಗಿ ಅದು ಸಾಕ್ಷಿಗೆ ಬರಲ್ಲ. ಆದ್ರೆ 1374 ಮತ್ತು 1046 ನೋಡಿ, ಎರಡೂ ನಿಮ್ಮ ಪಟ್ಟಿಯಲ್ಲೇ ಇವೆ, 2983 ಕೂಡ. ಮಿಥೈಲ್ ಸ್ಯಾಲಿಸಿಲೇಟ್‌ಗೆ 1374ರಲ್ಲಿ ಹೇಳಿಕೊಳ್ಳೋಂಥದ್ದು ಏನೂ ಇಲ್ಲ. ನಾಲ್ಕರಲ್ಲಿ ಮೂರು ಸಿಕ್ಕಿವೆ, ಒಂದು ಮರೆಯಲ್ಲಿದೆ.

ಚೆಕ್ ಮಾಡೋದು ಸುಲಭ. ಎಣ್ಣೆನ ದುಂಡು ಫ್ಲಾಸ್ಕಿಗೆ ಹಾಕಿ ರೋಟಾವೇಪರಲ್ಲಿ 50 ಡಿಗ್ರಿ ಬಾತ್, ಪೂರ್ತಿ ವ್ಯಾಕ್ಯೂಮ್, ಅರ್ಧ ಗಂಟೆ. ಎಥೈಲ್ ಅಸಿಟೇಟ್ 77 ಡಿಗ್ರಿಗೆ ಕುದಿಯುತ್ತೆ, ನಿಮ್ಮ ಎಣ್ಣೆ 222ಕ್ಕೆ, ಕಳ್ಕೊಳ್ಳೋ ಭಯ ಇಲ್ಲ. ಮತ್ತೆ ತೂಕ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ. 1742, 1374, 1046 ಮೂರೂ ಒಟ್ಟಿಗೆ ಕುಗ್ಗಿದ್ರೆ ಅವು ಒಂದೇ ಮನೆಯವು. ಒಂದು ಕುಗ್ಗಿ ಇನ್ನೊಂದು ಹಾಗೇ ಉಳಿದ್ರೆ ನಾನು ಹೇಳಿದ್ದು ತಪ್ಪು.

ಇನ್ನು 1678. ಅದು ದೊಡ್ಡ ಕಥೆ, ಸಂಜೆ ಶಿಫ್ಟ್ ಮುಗಿಸಿ ಬರೀತೀನಿ.

ಲ್ಯಾಬ್_ಅಣ್ಣ

ಮೇಡಂ ಹೇಳಿದ್ದು ಸರಿ, ಜತೆಗೆ ಇದೂ ಒಂದು ನೋಡ್ಕೊಳ್ಳಿ. ನಮ್ಮಲ್ಲಿ ಹುಡುಗ್ರು ಎಟಿಆರ್ ಕ್ರಿಸ್ಟಲ್ ಅಸಿಟೋನಲ್ಲಿ ಒರೆಸಿ ಒಣಗೋಕೆ ಬಿಡ್ದೆ ಮುಂದಿನ ಸ್ಯಾಂಪಲ್ ಇಟ್ಬಿಡ್ತಾರೆ. ಆಗ 1715ಕ್ಕೆ ಚೂಪಾಗಿ ಒಂದು ಬರುತ್ತೆ, ಅದನ್ನ ಕೀಟೋನ್ ಅಂತ ರೆಕಾರ್ಡಲ್ಲಿ ಬರ್ಕೊಂಡು ಬಂದವರನ್ನ ನಾನು ಲೆಕ್ಕ ಇಟ್ಟಿಲ್ಲ. ಸ್ಯಾಂಪಲ್ ಇಡೋ ಮುಂಚೆ ಖಾಲಿ ಕ್ರಿಸ್ಟಲ್ ಒಂದ್ಸಲ ಓಡ್ಸಿ ನೋಡಿದ್ರೆ ಗೆರೆ ನೆಟ್ಟಗೆ ಬರ್ಬೇಕು, ಅದು ಒಂದು ನಿಮಿಷದ ಕೆಲ್ಸ. ಆಮೇಲೆ 2350ರಲ್ಲಿ ಬರೋ ಕೋರೆ ಹಲ್ಲು ರೂಮಿನ ಗಾಳಿದು, ನೀವು ಉಸಿರು ಬಿಟ್ಟಿದ್ದು, ಅದನ್ನ ನೈಟ್ರೈಲ್ ಅನ್ಬೇಡಿ.

ಮಲ್ನಾಡ್_ಗಂಧ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹೋದ ವರ್ಷ ಮನೆ ದೇವರ ಕಾರ್ಯಕ್ಕೆ ಅಂತ ಒಬ್ರ ಹತ್ರ ಗಂಧದೆಣ್ಣೆ ತಗೊಂಡಿದ್ವಿ, ದುಡ್ಡು ಬಹಳ ಕೊಟ್ಟಿದೀವಿ, ಈಗ ಹದಿನೈದು ದಿನಕ್ಕೇ ವಾಸನೆ ಹೋಗಿದೆ. ಪರಿಚಯದವ್ರ ಕಾಲೇಜಲ್ಲಿ ಈ ಐಆರ್ ಮೆಷಿನ್ ಇದೆಯಂತೆ. ಒಂದು ಹನಿ ಹಾಕಿದ್ರೆ ಕಲಬೆರಕೆ ಅಂತ ಹೇಳುತ್ತಾ?

ಕ್ಯೂಸಿ_ಕಾವ್ಯ

@ಮಲ್ನಾಡ್_ಗಂಧ ಅರ್ಧ ಹೇಳುತ್ತೆ. ಗಂಧದೆಣ್ಣೆಯಲ್ಲಿ ಹೆಚ್ಚಿನ ಪಾಲು ಸ್ಯಾಂಟಲಾಲ್, ಅದು ಆಲ್ಕೋಹಾಲ್, ಅಂದ್ರೆ 3300ರ ಸುತ್ತ ಅಗಲವಾದ O–H ಇರ್ಬೇಕು, 1700ರಿಂದ 1750ರ ಜಾಗ ಹೆಚ್ಚುಕಮ್ಮಿ ಖಾಲಿ ಇರ್ಬೇಕು, ಸಣ್ಣ ಉಬ್ಬು ಇದ್ರೆ ಪರವಾಗಿಲ್ಲ. ಅಲ್ಲಿ 1745ಕ್ಕೆ ಉದ್ದವಾದ ಪೀಕ್ ನಿಂತಿದ್ರೆ ಹರಳೆಣ್ಣೆಯೋ ಇನ್ಯಾವುದೋ ಅಡುಗೆ ಎಣ್ಣೆ ಥರದ್ದೋ ಸೇರಿಸಿದಾರೆ ಅಂತ ಅರ್ಥ, ಯಾಕಂದ್ರೆ ಅವೆಲ್ಲ ಎಸ್ಟರುಗಳು. ಹರಳೆಣ್ಣೆಗೆ ತನ್ನದೇ O–H ಕೂಡ ಇರೋದ್ರಿಂದ ಬರೀ 3300 ನೋಡಿ ಸಮಾಧಾನ ಪಡ್ಬೇಡಿ. ಆದ್ರೆ ವಾಸನೆ ಇಲ್ಲದ ಪ್ಯಾರಾಫಿನ್ ಎಣ್ಣೆ ಬೆರೆಸಿದ್ರೆ ಅದಕ್ಕೆ ಬರೀ C–H ಪೀಕುಗಳು, ಅವು ಗಂಧದೆಣ್ಣೆಗೂ ಇವೆ, ಸುಲಭಕ್ಕೆ ಸಿಕ್ಕಿಬೀಳಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿನೇ ಬೇಕು.

ಧಾರವಾಡ_ಮಾಸ್ತರ

ಕಾವ್ಯಾ ಅವರು ಸಂಜಿಗೆ ಬರ್ತಾರ, ಅಷ್ಟ್ರೊಳಗ 1678ರ ಕಥಿ ನಾನ ಸುರು ಮಾಡ್ತೀನಿ, ಮೂವತ್ತ ವರ್ಷ ಇದನ್ನ ಹೇಳಿ ಹೇಳಿ ಬಾಯಿಪಾಠ ಆಗೇತಿ.

ನೋಡ ತಮ್ಮಾ ರಂಗ, ನಿಮ್ಮ ಚಾರ್ಟಿನ್ಯಾಗ 1735–1750 ಅಂತ ಬರದದ್ದು ಸಾದಾ ಎಸ್ಟರಿಗೆ. C=O ಅನ್ನೋದು ಒಂದು ಸ್ಪ್ರಿಂಗ್ ಇದ್ದಂಗ, ಸ್ಪ್ರಿಂಗ್ ಬಿಗಿ ಇದ್ರ ನಂಬರ್ ಮ್ಯಾಲೆ, ಸಡಲ ಆದ್ರ ನಂಬರ್ ಕೆಳಗ. ಈಗ ಆ C=O ಬೆಂಜೀನ್ ಉಂಗುರಕ್ಕ ಅಂಟಿಕೊಂಡು ಕುಂತ್ರ ಉಂಗುರದ ಎಲೆಕ್ಟ್ರಾನ್ ಇತ್ತಾಗ ಹರಿದು ಡಬಲ್ ಬಾಂಡ್ ಸ್ವಲ್ಪ ಸಡಲ ಆಗ್ತೈತಿ. ಮಿಥೈಲ್ ಬೆಂಜೋಯೇಟ್ ತಗದು ನೋಡು, 1724ರ ಹತ್ರ ಬರ್ತೈತಿ. ಅಂದ್ರ ಹದಿನೈದ-ಇಪ್ಪತ್ತ ಇಳೀತು. ಇನ್ನ ನಿನ್ನ ಮಾಲಿನ್ಯಾಗ ಪಕ್ಕದ ಮನ್ಯಾಗ, ಆರ್ಥೋ ಜಾಗದಾಗ, ಒಂದು O–H ಕುಂತೈತಿ. ಆ H ಸುಮ್ಮನ ಕೂಡಂಗಿಲ್ಲ, C=O ದ ಆಕ್ಸಿಜನ್ ಕಡೆ ಕೈ ಚಾಚತೈತಿ, ಆರು ಮಂದಿ ಕೈ ಹಿಡದ ನಿಂತ ಉಂಗುರ ಆಗ್ತೈತಿ. ಆಕ್ಸಿಜನ್ನ ಆ ಕಡೆಯಿಂದ ಎಳದಂಗ C=O ಇನ್ನಷ್ಟ ಸಡಲ. 1724ರಿಂದ ಸೀದಾ 1678ಕ್ಕ. ಹಂಗಾಗಿ 1678 ಅನ್ನೋದು ನಿನ್ನ ಎಸ್ಟರಿನ ಹಕ್ಕಿನ ಜಾಗ, ಆಸಿಡ್‌ದಲ್ಲ.

ಚಾರ್ಟ್_ಚಂದ್ರು

ಸಾರ್ ಗೌರವದಿಂದಲೇ ಕೇಳ್ತೀನಿ, ಹೈಡ್ರೋಜನ್ ಬಾಂಡ್ ಆದ್ರೆ O–H ಇಳಿಯುತ್ತೆ ಅಂತ ಓದಿದೀನಿ, 3600ರಿಂದ 3200ಕ್ಕೆ. C=O ಯಾಕೆ ಇಳೀಬೇಕು, ಅದು H ಕೊಡ್ತಾ ಇಲ್ವಲ್ಲ. ಮತ್ತೆ 3187 ಅಗಲ ಇದೆ, ಅಗಲ O–H ಅಂದ್ರೆ ಆಸಿಡ್ ಅನ್ನೋದು ಯಾರಾದ್ರೂ ಒಪ್ಪೋ ಮಾತು.

ಧಾರವಾಡ_ಮಾಸ್ತರ

ಹಗ್ಗ ಜಗ್ಗಾಟದಾಗ ಒಬ್ರ ಜಗ್ಗಿದ್ರ ಇನ್ನೊಬ್ರು ಅಲುಗಾಡಂಗಿಲ್ಲೇನು? ಕೊಟ್ಟವನ ಬಾಂಡೂ ಸಡಲ, ತಗೊಂಡವನ ಬಾಂಡೂ ಸಡಲ. O–H ನೂರಾರು ನಂಬರ್ ಇಳೀತೈತಿ, C=O ನಲವತ್ತ-ಐವತ್ತ. ನೀನ ಓದಿದ್ದು ಖರೇನ ಐತಿ, ಅರ್ಧ ಓದಿ ಪುಸ್ತಕ ಮುಚ್ಚಿ.

ಕ್ಯೂಸಿ_ಕಾವ್ಯ

ಮಾಸ್ತರು ನನ್ನ ಕೆಲಸ ಉಳಿಸಿದ್ರು. ನಾನು 'ಅಗಲ O–H' ಬಗ್ಗೆ ಹೇಳ್ತೀನಿ, ಯಾಕಂದ್ರೆ ಎಲ್ಲಾ ಗೊಂದಲ ಆ ಒಂದು ಪದದಲ್ಲೇ ಇದೆ.

ಆಸಿಡ್‌ನ O–H ಬರೀ ಅಗಲ ಅಲ್ಲ, ಅದಕ್ಕೊಂದು ಆಕಾರ ಇದೆ. 3200ರ ಹತ್ರ ಶುರುವಾಗಿ 2500ರವರೆಗೆ ಗೆರೆ ಎದ್ದೇಳೋದೇ ಇಲ್ಲ, ಮಳೆಗಾಲದ ಕೆರೆ ಏರಿ ಥರ ಇಳಿದಿದ್ದು ಇಳಿದ ಹಾಗೇ ಉಬ್ಬುತಗ್ಗಾಗಿ ಹೋಗುತ್ತೆ, C–H ಪೀಕುಗಳು ಆ ಕೆಸರೊಳಗಿಂದ ತಲೆ ಎತ್ತಿರುತ್ತವೆ. ರಂಗ, ನಿಮ್ಮ ಪ್ರಿಂಟಲ್ಲಿ 2800ರಿಂದ 2500ರ ಜಾಗ ನೋಡಿ. ಗೆರೆ ಬೇಸ್‌ಲೈನಿಗೆ ವಾಪಸ್ ಬಂದಿದ್ಯಾ? ಬಂದಿದ್ರೆ ಆಸಿಡ್ ಅಲ್ಲ. ಮಿಥೈಲ್ ಸ್ಯಾಲಿಸಿಲೇಟ್‌ದು 3190ರ ಸುತ್ತ ಒಂದು ಅಗಲ ಗುಂಡಿ, ಆಮೇಲೆ 2954ರಲ್ಲಿ ಮಿಥೈಲ್‌ನ C–H, ಆಮೇಲೆ ಶಾಂತ. ಸಂದೇಹ ಬಂದಾಗ ನಾನು ನಂಬರ್ ಆಮೇಲೆ ನೋಡ್ತೀನಿ, ಮೊದಲು 2600ರಲ್ಲಿ ಗೆರೆ ಎಲ್ಲಿದೆ ಅಂತ ನೋಡ್ತೀನಿ.

ಇನ್ನೊಂದು. ನೀವು SDBS ಸೈಟಲ್ಲಿರೋ ಚಿತ್ರದ ಜೊತೆ ಹೋಲಿಸಿ ನೋಡಿದ್ರೆ ನಿಮ್ಮ 3187 ತೀರಾ ಬಡಕಲು ಅನ್ನಿಸಬಹುದು. ಗಾಬರಿ ಬೇಡ. ಎಟಿಆರ್‌ನಲ್ಲಿ ಬೆಳಕು ಸ್ಯಾಂಪಲ್ ಒಳಗೆ ಒಂದೆರಡು ಮೈಕ್ರಾನ್ ಅಷ್ಟೇ ಇಳಿಯೋದು, ಅದೂ ದೊಡ್ಡ ನಂಬರಿನ ಕಡೆ ಇನ್ನೂ ಕಮ್ಮಿ. ಹಾಗಾಗಿ 3000ದ ಆಚೆ ಇರೋದೆಲ್ಲ, ಸಾಲ್ಟ್ ಪ್ಲೇಟಲ್ಲಿ ತೆಗೆದಿದ್ದಕ್ಕಿಂತ, ಕುಳ್ಳಗೆ ಕಾಣುತ್ತೆ. ಇದೇ ಕಾರಣಕ್ಕೆ ಪೀಕ್ ಎತ್ತರ ಸ್ಕೇಲಲ್ಲಿ ಅಳೆದು ಹತ್ತು ಪರ್ಸೆಂಟ್ ಅಂತ ಹೇಳೋದೂ ಬೇಡ. ಅದೂ ಅಲ್ದೆ ನೀವು ಅಳೆದಿದ್ದು ಟ್ರಾನ್ಸ್‌ಮಿಟೆನ್ಸ್ ಚಿತ್ರದಲ್ಲಿ. ಅದು ಪ್ರಮಾಣಕ್ಕೆ ನೇರವಾಗಿ ಹೊಂದೋದೇ ಇಲ್ಲ, ಅಬ್ಸಾರ್ಬೆನ್ಸ್‌ಗೆ ಬದಲಾಯಿಸ್ಬೇಕು. ಬದಲಾಯಿಸಿದ್ರೂ ಒಂದು ವಸ್ತುವಿನ C=O ಇನ್ನೊಂದರ C=O ಅಷ್ಟೇ ಜೋರಾಗಿ ಹೀರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ರಿಫ್ಲಕ್ಸ್_ರಂಗ

2600 ನೋಡ್ದೆ. ಗೆರೆ ನೆಟ್ಟಗಿದೆ ಮೇಡಂ. ಪೂರ್ತಿ ಬೇಸ್‌ಲೈನ್. ಇದನ್ನ ಮೊದಲೇ ನೋಡಿದ್ರೆ ಎರಡು ರಾತ್ರಿ ನಿದ್ದೆ ಉಳೀತಿತ್ತು.

ನಾಳೆ ರೋಟಾವೇಪರ್ ಬುಕ್ ಮಾಡಿದೀನಿ. ಆಸಿಡ್‌ದೂ ಸ್ಕ್ಯಾನ್ ಮಾಡ್ತೀನಿ.

ಸುಮ_ಸೀನಿಯರ್

ಎಲ್ಲಾ ಒಪ್ಕೋತೀನಿ, ಒಂದು ವಿಷ್ಯಕ್ಕೆ ತಕರಾರು. ಮಾಸ್ತರು 'ಉಂಗುರಕ್ಕೆ ಹದಿನೈದು-ಇಪ್ಪತ್ತು, ಹೈಡ್ರೋಜನ್ ಬಾಂಡಿಗೆ ನಲವತ್ತಾರು' ಅಂತ ದಿನಸಿ ಚೀಟಿ ಥರ ಕೂಡಿಸಿ ಕಳೆದ್ರಲ್ಲ, ಅದು ಅಷ್ಟು ನೀಟಾಗಿ ಬಿಡಿಸೋಕೆ ಬರಲ್ಲ. ಆರ್ಥೋ ಜಾಗದ ಆಕ್ಸಿಜನ್ ಉಂಗುರಕ್ಕೆ ಎಲೆಕ್ಟ್ರಾನ್ ತಳ್ಳುತ್ತೆ, ಅದೂ C=O ಸಡಲ ಮಾಡುತ್ತೆ, ಹೈಡ್ರೋಜನ್ ಬಾಂಡ್ ಗಟ್ಟಿ ಆದಷ್ಟೂ ಆ ತಳ್ಳಾಟ ಜಾಸ್ತಿ, ಎರಡೂ ಒಂದಕ್ಕೊಂದು ಕೈ ಹಿಡ್ಕೊಂಡೇ ನಡೆಯೋದು. ಯಾವುದಕ್ಕೆ ಎಷ್ಟು ಅಂತ ವೈವಾದಲ್ಲಿ ಕೇಳಿದ್ರೆ 'ಹೈಡ್ರೋಜನ್ ಬಾಂಡ್ ಪಾಲು ದೊಡ್ಡದು' ಅಂತ ಹೇಳಿ ನಿಲ್ಸು ರಂಗ, ನಂಬರ್ ಹೇಳೋಕೆ ಹೋಗ್ಬೇಡ.

ಧಾರವಾಡ_ಮಾಸ್ತರ

ಪಿಎಚ್‌ಡಿ ಮಂದಿ ಹಿಂಗ. ಹುಡುಗರಿಗೆ ಮೊದಲ ದಿನಸಿ ಚೀಟಿನ ಹೇಳ್ಬೇಕವ್ವಾ, ಆಮ್ಯಾಲೆ ಬ್ಯಾಲೆನ್ಸ್ ಶೀಟ್.

ಚಾರ್ಟ್_ಚಂದ್ರು

ಸರಿ ನಾನು ಸೋಲು ಒಪ್ಕೊಳ್ಳೋ ಮುಂಚೆ ಇನ್ನೊಂದು ಪ್ರಶ್ನೆ. ನಮ್ಮ ಲ್ಯಾಬಲ್ಲಿ ಮಿಥೈಲ್ ಪ್ಯಾರಾಬೆನ್ ಇದೆ, ಅದೇ ಅಣು, O–H ಮಾತ್ರ ಪ್ಯಾರಾ ಜಾಗದಲ್ಲಿ. ಅಲ್ಲಿಂದ C=O ಗೆ ಕೈ ಚಾಚೋಕೆ ಆಗೋದೇ ಇಲ್ಲ, ಅಲ್ವಾ? ಹಳೇ ಪ್ರಿಂಟ್ ತೆಗೆದು ನೋಡಿದೆ, ಅದ್ರಲ್ಲೂ C=O 1680ರ ಹತ್ರವೇ ಇದೆ! ಹೈಡ್ರೋಜನ್ ಬಾಂಡ್ ಇಲ್ದೇನೂ 1680 ಬಂತಲ್ಲ. ಈಗ ಹೇಳಿ.

ಸುಮ_ಸೀನಿಯರ್

ಈ ಥ್ರೆಡ್ಡಲ್ಲಿ ಇದೇ ಒಳ್ಳೇ ಪ್ರಶ್ನೆ ಚಂದ್ರು, ನಿಜವಾಗ್ಲೂ.

ಪ್ಯಾರಾಬೆನ್ ತನ್ನ C=O ಗೆ ಕೈ ಚಾಚೋಕೆ ಆಗಲ್ಲ, ಆದ್ರೆ ಪಕ್ಕದ ಅಣುವಿನ C=O ಗೆ ಚಾಚುತ್ತೆ. ಪುಡಿಯೊಳಗೆ ಅಣುಗಳು ಸಾಲಾಗಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ನಿಂತಿರ್ತವೆ. ಹಾಗಾಗಿ ಅಲ್ಲೂ C=O ಸಡಲ, ನಂಬರ್ ಅದೇ ಹತ್ರ. ಒಂದೇ ಚಿತ್ರ ನೋಡಿ ಎರಡನ್ನೂ ಬೇರೆ ಮಾಡೋದು ಕಷ್ಟ.

ಬೇರೆ ಮಾಡೋಕೆ ಒಂದು ಹಳೇ ಉಪಾಯ ಇದೆ, ತೆಳು ಮಾಡೋದು. ಹೈಡ್ರೋಜನ್ ಬಾಂಡ್ ಮಾಡದ ಸಾಲ್ವೆಂಟಲ್ಲಿ ಎರಡನ್ನೂ ಕರಗಿಸಿ, ತುಂಬಾ ತೆಳುವಾಗಿ. ಪ್ಯಾರಾಬೆನ್ ಅಣುಗಳು ಒಂದಕ್ಕೊಂದು ಸಿಗದ ಹಾಗೆ ದೂರ ಆಗ್ತವೆ, ಕೈ ಬಿಡ್ತವೆ, C=O 1710ರ ಆಚೀಚೆ ಏರುತ್ತೆ, O–H 3590ರ ಹತ್ರ ಚೂಪಾಗಿ ಎದ್ದು ನಿಲ್ಲುತ್ತೆ. ಸ್ಯಾಲಿಸಿಲೇಟ್ ಮಾತ್ರ ಎಷ್ಟು ತೆಳು ಮಾಡಿದ್ರೂ ಜಪ್ಪಯ್ಯ ಅನ್ನಲ್ಲ, ಯಾಕಂದ್ರೆ ಅದು ಹಿಡ್ಕೊಂಡಿರೋದು ತನ್ನದೇ ಕೈ. ಮೊದಲೆಲ್ಲ ಇದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸ್ತಿದ್ರು, ಅದು ವಿಷ, ಓಜೋನ್‌ಗೂ ಕೇಡು ಅಂತ ಈಗ ಲ್ಯಾಬುಗಳಲ್ಲಿ ಸಿಗೋದೇ ಕಷ್ಟ, ಕ್ಲೋರೋಫಾರ್ಮಲ್ಲೂ ಕೆಲಸ ನಡೆಯುತ್ತೆ. ಆದ್ರೆ 3020, 1215, 750ರ ಹತ್ರ ಕ್ಲೋರೋಫಾರ್ಮಿನ ಸ್ವಂತ ಪೀಕುಗಳು ಕೂತಿರ್ತವೆ, ಆ ಜಾಗಗಳಲ್ಲಿ ಕಣ್ಣು ಮುಚ್ಕೋಬೇಕು.

ಲ್ಯಾಬ್_ಅಣ್ಣ

ಇದಕ್ಕೆ ಎಟಿಆರ್ ಬೇಡ, ತೆಳು ದ್ರಾವಣ ಅಲ್ಲಿ ಏನೂ ಕಾಣಲ್ಲ. ಲಿಕ್ವಿಡ್ ಸೆಲ್ ಬೇಕು, ಕಿಟಕಿ ಉಪ್ಪಿಂದು. NaCl ಅಂದ್ರೆ ಅಡುಗೆ ಮನೆ ಉಪ್ಪೇ, ಗಾಜಿನ ಥರ ಕಾಣುತ್ತೆ ಅಂತ ನೀರಲ್ಲಿ ತೊಳೆದು ಮಬ್ಬು ಮಾಡಿ ತಂದುಕೊಟ್ಟಿದ್ದಾನೆ ಒಬ್ಬ ಪುಣ್ಯಾತ್ಮ. ಕ್ಲೋರೋಫಾರ್ಮಲ್ಲೇ ತೊಳೀರಿ, ಕೈಯಲ್ಲಿ ಮುಟ್ಬೇಡಿ, ಬೆವರೇ ಸಾಕು ಕರಗೋಕೆ.

ರಿಫ್ಲಕ್ಸ್_ರಂಗ

ರಿಸಲ್ಟ್ ಬಂತು, ಒಂದೊಂದಾಗಿ ಹೇಳ್ತೀನಿ.

ರೋಟಾವೇಪರಲ್ಲಿ 35 ನಿಮಿಷ ಇಟ್ಟೆ. ತೂಕ 4.9 ಇದ್ದಿದ್ದು 4.1 ಗ್ರಾಂ ಆಯ್ತು. ಎಂಟು ನೂರು ಮಿಲಿಗ್ರಾಂ ಎಥೈಲ್ ಅಸಿಟೇಟ್ ಹೊತ್ಕೊಂಡು ಇಳುವರಿ 89 ಪರ್ಸೆಂಟ್ ಅಂತ ಬರ್ದಿದ್ದೆ. ಲೆಕ್ಕದ ಪ್ರಕಾರ 5 ಗ್ರಾಂ ಆಸಿಡ್‌ಗೆ 5.51 ಗ್ರಾಂ ಎಸ್ಟರ್ ಬರ್ಬೇಕು, ಹಾಗಾಗಿ ನಿಜವಾದ ಇಳುವರಿ 74. ಬೇಜಾರಾಯ್ತು ಆದ್ರೆ ಏನು ಮಾಡೋದು.

ಐಆರ್ ಮತ್ತೆ ತೆಗೆದೆ, ಅದಕ್ಕೂ ಮುಂಚೆ ಖಾಲಿ ಕ್ರಿಸ್ಟಲ್ ಓಡಿಸಿದೆ ಅಣ್ಣ, ನೆಟ್ಟಗಿತ್ತು. 1742 ಹೋಗಿದೆ, 1374 ಹೋಗಿದೆ, 1046 ಹೋಗಿದೆ, 2983 ಕೂಡ. 2954 ಮತ್ತು 1440 ಹಾಗೇ ಇವೆ. 1678 ಅಲ್ಲಾಡಿಲ್ಲ. ಸ್ಯಾಲಿಸಿಲಿಕ್ ಆಸಿಡ್ ಪುಡಿದು C=O 1657, ಮತ್ತೆ ಮೇಡಂ ಹೇಳಿದ ಕೆರೆ ಏರಿ 3200ರಿಂದ 2500ರ ತನಕ ಹಾಗ್ಹಾಗೇ ಕಾಣ್ತು. ಎರಡೂ ಚಿತ್ರ ಒಂದರ ಮೇಲೊಂದು ಇಟ್ಟಾಗ ಒಳಗೆ ಏನೋ ಹತ್ತಿದ ಹಾಗಾಯ್ತು, C=O ಕೆಳಗೆ ಹೋಗಿಲ್ಲ, ಆಸಿಡ್‌ಗಿಂತ 21 ಮೇಲೇ ಬಂದಿದೆ. ನಾನು ಇಷ್ಟು ದಿನ ಚಾರ್ಟಿನ ಜೊತೆ ಹೋಲಿಸ್ತಿದ್ದೆ, ನನ್ನ ಆಸಿಡ್ ಜೊತೆ ಹೋಲಿಸ್ಬೇಕಿತ್ತು.

ಆದ್ರೆ 1300ರಿಂದ 1200ರ ಜಾಗದಲ್ಲಿ ಎರಡೂ ಒಂದೇ ಥರ ಮೂರು ಜೋರಾದ ಪೀಕ್, ಅಲ್ಲಿ C–O ನೋಡಿ ಎಸ್ಟರ್ ಅಂತ ಹೇಳೋಕೆ ಆಗಲ್ಲ ಅಲ್ವಾ?

ಫೆರಿಕ್ ಕ್ಲೋರೈಡ್ ಹಾಕಿದೆ, ನೇರಳೆ ಬಂತು, ಮೊದಲು ಗಾಬರಿ ಆಯ್ತು ಆಸಿಡ್ ಉಳಿದಿದೆ ಅಂತ.

ಕ್ಯೂಸಿ_ಕಾವ್ಯ

ಸರಿಯಾಗಿ ಹೇಳಿದ್ರಿ, ಈ ಜೋಡಿಗೆ C–O ಜಾಗ ಉಪಯೋಗಕ್ಕೆ ಬರಲ್ಲ. ಬೇರೆ ಎಸ್ಟರುಗಳಲ್ಲಿ ಅದು ಒಳ್ಳೇ ಸಾಕ್ಷಿ, ಇಲ್ಲಿ ಆಸಿಡ್‌ನ C–O, ಫೀನಾಲ್‌ನ C–O ಎಲ್ಲಾ ಅಲ್ಲೇ ಜಮಾಯಿಸಿವೆ. ಫೆರಿಕ್ ಕ್ಲೋರೈಡ್ ಕೂಡ ಅಷ್ಟೇ, ಅದು ಫೀನಾಲ್ ಕೇಳುತ್ತೆ, ಫೀನಾಲ್ ಎರಡರಲ್ಲೂ ಇದೆ. ನಿಮ್ಮನ್ನ ಕಾಯೋದು ಬೈಕಾರ್ಬನೇಟ್ ಬುರುಗು ಮತ್ತು 2600.

ಸುಮ_ಸೀನಿಯರ್

ಆಸಿಡ್ ಚೂರುಪಾರು ಉಳಿದಿದ್ಯಾ ಅಂತ ಐಆರ್‌ನಲ್ಲೇ ನೋಡ್ಬಹುದು, ಶುದ್ಧ ಎಸ್ಟರ್ ಸ್ಪೆಕ್ಟ್ರಮ್‌ನ ಇದರಿಂದ ಕಳೆದ್ರೆ ಉಳಿಕೆಯಲ್ಲಿ 1657 ಕಾಣುತ್ತೆ. ಮೂರು ಪರ್ಸೆಂಟ್ ತನಕ ನಾನು ಹಿಡಿದಿದೀನಿ.

ಕ್ಯೂಸಿ_ಕಾವ್ಯ

ಸುಮ, ನಂಗೆ ನಂಬಿಕೆ ಇಲ್ಲ. 1657 ಅನ್ನೋದು ಪುಡಿಯಾಗಿದ್ದಾಗ. ಎಣ್ಣೆಯೊಳಗೆ ಕರಗಿದ ಆಸಿಡ್ ಅದೇ ಜಾಗದಲ್ಲೇ ಕೂರುತ್ತೆ ಅಂತ ಏನು ಗ್ಯಾರಂಟಿ? 1678ರ ಅಡಿಗೆ ಜಾರಿದ್ರೆ ಕಳೆಯೋ ಲೆಕ್ಕದಲ್ಲಿ ಬರೋ ಉಳಿಕೆ ಆಸಿಡ್‌ದೋ, ಪೀಕ್ ಅರ್ಧ ನಂಬರ್ ಸರಿದಿದ್ದರಿಂದ ಬಂದ ಸುಳ್ಳು ಉಬ್ಬೋ ಗೊತ್ತಾಗಲ್ಲ. ಆಸ್ಪಿರಿನ್‌ನಲ್ಲಿ ಉಳಿದ ಸ್ಯಾಲಿಸಿಲಿಕ್ ಆಸಿಡ್ ನೋಡೋಕೆ ಎಚ್‌ಪಿಎಲ್‌ಸಿ ಹಾಕ್ತೀವಿ, ಐಆರ್ ಯಾರೂ ಹಾಕಲ್ಲ.

ಸುಮ_ಸೀನಿಯರ್

ಗೊತ್ತಿರೋ ಅಳತೆಯಲ್ಲಿ ಬೆರೆಸಿ ಸ್ಟ್ಯಾಂಡರ್ಡ್ ಮಾಡ್ಕೊಂಡ್ರೆ ಆಗುತ್ತೆ ಅನ್ನೋದು ನನ್ನ ವಾದ. ಇರ್ಲಿ, ಇದನ್ನ ಬೇರೆ ಥ್ರೆಡ್ಡಲ್ಲಿ ಜಗಳ ಆಡೋಣ.

ಚಾರ್ಟ್_ಚಂದ್ರು

ನಾನು ಸುಮಕ್ಕ ಹೇಳಿದ ಕ್ಲೋರೋಫಾರ್ಮ್ ಪ್ರಯೋಗ ಮಾಡ್ದೆ, ರಂಗನ ಎಣ್ಣೆ ಎರಡು ಹನಿ ಇಸ್ಕೊಂಡು. ಪ್ಯಾರಾಬೆನ್ ಕ್ಲೋರೋಫಾರ್ಮಲ್ಲಿ ಪೂರ್ತಿ ಕರಗ್ಲಿಲ್ಲ, ತಳದಲ್ಲಿ ಉಳೀತು, ಸೋಸಿ ಮೇಲಿನ ತಿಳಿ ತಗೊಂಡೆ. C=O 1711. ಪುಡಿಯಲ್ಲಿ 1680 ಇದ್ದಿದ್ದು. O–H 3590 ಹತ್ರ ಚೂಪಾಗಿ ಬಂತು, ಆದ್ರೆ 3400 ಸುತ್ತ ಒಂದು ಅಗಲ ಉಬ್ಬು ಇನ್ನೂ ಇತ್ತು. ಎರಡು ಪಟ್ಟು ತೆಳು ಮಾಡಿದಾಗ ಆ ಉಬ್ಬು ತಗ್ಗಿತು, 3590 ಹಾಗೇ ನಿಂತಿತ್ತು. ರಂಗನ ಎಣ್ಣೆ 1676, ನಾಲ್ಕು ಪಟ್ಟು ತೆಳು ಮಾಡಿದ್ರೂ 1676. 3200ರ ಗುಂಡಿ ಕೂಡ ಜಾಗ ಬಿಡ್ಲಿಲ್ಲ.

ಮಾಸ್ತರಿಗೆ ನಮಸ್ಕಾರ. ಪುಸ್ತಕ ಮತ್ತೆ ತೆಗೆದಿದೀನಿ.

@ಲ್ಯಾಬ್_ಅಣ್ಣ ಕಿಟಕಿ ಮಬ್ಬಾಗಿಲ್ಲ, ಹೋದ ಹಾಗೇ ವಾಪಸ್ ಕೊಟ್ಟಿದೀನಿ.

ರಿಫ್ಲಕ್ಸ್_ರಂಗ

ವೈವಾ ಆಯ್ತು. ಸರ್ ಚಾರ್ಟ್ ತೋರಿಸಿ 'ಎಸ್ಟರ್ 1735 ಎಲ್ಲಪ್ಪಾ' ಅಂದ್ರು, ನಾನು ಎರಡೂ ಪ್ರಿಂಟ್ ಮುಂದಿಟ್ಟು 2600 ಮೇಲೆ ಬೆರಳು ಇಟ್ಟೆ. ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಕೇಳಿದ್ರು, ಬೆಂಜೀನ್ ಉಂಗುರದ C–H 3070 ಹತ್ರ ಬರ್ಬೇಕಲ್ಲ, ತೋರ್ಸು ಅಂತ. ಎಷ್ಟು ಹುಡುಕಿದ್ರೂ 3187ರ ಇಳಿಜಾರಲ್ಲಿ ಒಂದು ಸಣ್ಣ ಮುರುಕು ಬಿಟ್ರೆ ಏನೂ ಸಿಗ್ಲಿಲ್ಲ, ಅದೇ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ಅದು ಅದೇನಾ ಮೇಡಂ?

ಕ್ಯೂಸಿ_ಕಾವ್ಯ

ಪ್ರಿಂಟ್ ಹಾಕಿ, ನೋಡಿ ಹೇಳ್ತೀನಿ. ಉಂಗುರ ಇದೆ ಅನ್ನೋದಕ್ಕೆ 1614, 1585, 1486 ಸಾಕಿತ್ತು, 756 ನೋಡಿದ್ರೆ ಆರ್ಥೋ ಅಂತಾನೂ ಹೇಳ್ಬಹುದಿತ್ತು.